ಕಾಲೇಜು ಬಿಟ್ಟ ಮೇಲೆ ಮಾಯವಾದ ಪ್ರೊಫೈಲ್ ಪುಟ: ಉಚಿತ ವೇದಿಕೆಯಲ್ಲಿ ಮತ್ತೆ ಕಟ್ಟುವುದು ಹೇಗೆ?

ಎಲೆಯ ನರ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ಸಸ್ಯಶಾಸ್ತ್ರದ ಉಪನ್ಯಾಸಕಿ. ಆರು ವರ್ಷಗಳ ಹಿಂದೆ ಗೂಗಲ್ ಸೈಟ್ಸ್‌ನಲ್ಲಿ ನನ್ನದೊಂದು ಪ್ರೊಫೈಲ್ ಪುಟ ಮಾಡಿಕೊಂಡಿದ್ದೆ. ನಾನು ಕಲಿಸುವ ಪತ್ರಿಕೆಗಳು, ಅವುಗಳ ಪಠ್ಯಕ್ರಮ, ಹದಿನಾಲ್ಕು ಪ್ರಕಟಣೆಗಳ ಪಟ್ಟಿ ಮತ್ತು ಸಂಪರ್ಕದ ವಿವರ, ಇಷ್ಟೇ ಅದರಲ್ಲಿ ಇದ್ದದ್ದು. ನಾಲ್ಕು ತಿಂಗಳ ಹಿಂದೆ ಬೇರೆ ಕಾಲೇಜಿಗೆ ಸೇರಿದೆ. ಮೊನ್ನೆ ವಿದ್ಯಾರ್ಥಿಯೊಬ್ಬಳು ಪುಟ ತೆರೆಯುತ್ತಿಲ್ಲ ಎಂದಾಗಲೇ ನಾನೂ ನೋಡಿದ್ದು. ಪುಟವೇ ಇಲ್ಲ. ಅದನ್ನು ಹಳೆಯ ಕಾಲೇಜು ಕೊಟ್ಟ ಇಮೇಲ್ ಖಾತೆಯಿಂದ ಮಾಡಿದ್ದೆ. ಖಾತೆ ತೆಗೆದುಹಾಕಿದಾಗ ಪುಟವೂ ಅದರ ಜೊತೆಗೇ ಹೋಗಿದೆ. ಆ ವಿಳಾಸವು ನನ್ನ ಎರಡು ಪ್ರಬಂಧಗಳ ಅಡಿಟಿಪ್ಪಣಿಯಲ್ಲಿ ಅಚ್ಚಾಗಿರುವುದು ನನ್ನನ್ನು ಹೆಚ್ಚು ಕಾಡುತ್ತಿದೆ.

ಹೊಸದನ್ನು ಕಟ್ಟಬೇಕಾಗಿದೆ. ಯಾವ ಉಚಿತ ವೇದಿಕೆ ಆರಿಸಿಕೊಳ್ಳಲಿ, ಪ್ರಬಂಧಗಳ ಪಿಡಿಎಫ್‌ಗಳನ್ನು ಅಲ್ಲೇ ಹಾಕಬಹುದೇ, ಸಂಪರ್ಕಕ್ಕೆ ಏನೇನು ಕೊಡಬೇಕು ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ. ಹಳೆಯ ಪುಟದ ಯಾವ ಪ್ರತಿಯೂ ನನ್ನ ಬಳಿ ಇಲ್ಲ. ನನಗೆ ಪ್ರೋಗ್ರಾಮಿಂಗ್ ಬಾರದು.

ಗಣಿತದ ಮೇಷ್ಟ್ರು

ಮೇಡಂ, ಉದ್ಯೋಗದ ಅರ್ಜಿಗೆ ಪುಟ ಬೇಕೆಂದರೆ ಇಷ್ಟೆಲ್ಲ ಯೋಚನೆ ಬೇಡ. ಎರಡು ಪುಟದ ಒಂದು ರೆಸ್ಯೂಮೆ ಪಿಡಿಎಫ್ ಮಾಡಿ ಡ್ರೈವ್‌ನಲ್ಲಿಟ್ಟು ಕೊಂಡಿ ಕಳಿಸಿದರೆ ಸಾಕು. ಸಂದರ್ಶನ ಸಮಿತಿಯವರು ಪುಟ ತೆರೆದು ನೋಡುವಷ್ಟು ಪುರುಸೊತ್ತಿನಲ್ಲಿ ಇರುವುದಿಲ್ಲ. ನಾನು ಹಾಗೆಯೇ ಮಾಡಿದ್ದೇನೆ.

ಎಲೆಯ ನರ

ಸರ್, ಉದ್ಯೋಗಕ್ಕಾಗಿ ಅಲ್ಲ. ನನ್ನ ಪ್ರಬಂಧ ಓದಿದವರು ನನ್ನನ್ನು ಹುಡುಕಿ ಬರಲು ಮತ್ತು ನನ್ನ ವಿದ್ಯಾರ್ಥಿಗಳು ಪಠ್ಯಕ್ರಮ ನೋಡಲು ಒಂದು ಸ್ಥಿರವಾದ ಜಾಗ ಬೇಕು. ರೆಸ್ಯೂಮೆ ನನ್ನ ಬಳಿ ಬೇರೆಯೇ ಇದೆ.

ಪುಸ್ತಕದ ಕಪಾಟು

ನಾನು ಕಾಲೇಜು ಗ್ರಂಥಾಲಯದಲ್ಲಿ ಕೆಲಸ ಮಾಡುವವನು. ನಿಮಗಾದಂತಹ ನಷ್ಟ ನಮ್ಮಲ್ಲಿಗೆ ಬಂದು ಸೇರುವ ಅಧ್ಯಾಪಕರಲ್ಲಿ ಹಲವರಿಗೆ ಆಗಿರುತ್ತದೆ. ಮೊದಲು ಹಳೆಯದನ್ನು ಉಳಿಸಿಕೊಳ್ಳುವ ವಿಷಯ ಹೇಳುತ್ತೇನೆ, ಏಕೆಂದರೆ ಹೊಸದು ನಾಳೆಯಾದರೂ ಆದೀತು.

ಸಂಸ್ಥೆಯ ಗೂಗಲ್ ಖಾತೆಯೊಂದನ್ನು ಅಳಿಸಿದರೆ ಅಲ್ಲಿನ ನಿರ್ವಾಹಕರು 20 ದಿನಗಳ ಒಳಗೆ ಅದನ್ನು ಮರಳಿ ತರಬಲ್ಲರು. ನಿಮಗೆ ನಾಲ್ಕು ತಿಂಗಳಾಗಿರುವುದರಿಂದ ಆ ಬಾಗಿಲು ಬಹುಪಾಲು ಮುಚ್ಚಿದೆ. ಆದರೂ ಅವರಿಗೊಂದು ಪತ್ರ ಬರೆಯಿರಿ. ಖಾತೆಯನ್ನು ಅಳಿಸುವಾಗ ನಿರ್ವಾಹಕರು ಡ್ರೈವ್‌ನಲ್ಲಿದ್ದುದನ್ನೆಲ್ಲ ವಿಭಾಗದ ಬೇರೊಂದು ಖಾತೆಗೆ ವರ್ಗಾಯಿಸಿರುವ ಸಾಧ್ಯತೆ ಇರುತ್ತದೆ. ಈಗಿನ ಗೂಗಲ್ ಸೈಟ್ಸ್ ಪುಟ ಡ್ರೈವ್‌ನ ಒಂದು ಕಡತದಂತೆಯೇ ಇರುವುದರಿಂದ ಅದೂ ಅಲ್ಲಿ ಉಳಿದಿರಬಹುದು. ಖಾತೆಯನ್ನು ಅಳಿಸದೆ ಕೇವಲ ತಡೆಹಿಡಿದಿದ್ದರೆ ಕೆಲಸ ಇನ್ನೂ ಸುಲಭ.

ಎರಡನೆಯದು, ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್. 1996ರಿಂದ ಅವರು ಜಾಲದ ಪುಟಗಳ ಪ್ರತಿ ತೆಗೆದಿಡುತ್ತಿದ್ದಾರೆ. `web.archive.org` ತೆರೆದು ನಿಮ್ಮ ಹಳೆಯ ಪುಟದ ಪೂರ್ತಿ ವಿಳಾಸವನ್ನು ಅಂಟಿಸಿ ನೋಡಿ. ಮುಖಪುಟ ಸಿಗದಿದ್ದರೆ ಒಳಪುಟಗಳ ವಿಳಾಸಗಳನ್ನೂ ಒಂದೊಂದಾಗಿ ಕೊಟ್ಟು ನೋಡಿ. ಎಷ್ಟೋ ಸಲ ಮುಖಪುಟದ ಪ್ರತಿ ಇರುವುದಿಲ್ಲ, ಪ್ರಕಟಣೆಗಳ ಪುಟದ್ದು ಇರುತ್ತದೆ. ಚಿತ್ರಗಳು ಹೋಗಿರಬಹುದು, ಅಕ್ಷರ ಸಿಕ್ಕರೆ ನಿಮಗೆ ಸಾಕು.

ದಾರಿಹೋಕ ಸಂಶೋಧಕ

ಪಿಡಿಎಫ್ ಬಗ್ಗೆ ಹೇಳುವುದಾದರೆ, ಹಿಂಜರಿಯುವ ಅಗತ್ಯವೇ ಇಲ್ಲ. ಬರೆದವರು ನೀವು, ಹಕ್ಕೂ ನಿಮ್ಮದೇ. ಹದಿನಾಲ್ಕನ್ನೂ ಹಾಕಿಬಿಡಿ. ವೇದಿಕೆಯ ವಿಷಯದಲ್ಲಿ ನನ್ನ ಸಲಹೆ `academia.edu`. ಕೊನೆಯಲ್ಲಿ `.edu` ಇರುವುದರಿಂದ ಅದು ಶಿಕ್ಷಣ ಸಂಸ್ಥೆಯದ್ದು, ಅಲ್ಲಿಟ್ಟದ್ದು ಎಲ್ಲಿಗೂ ಹೋಗುವುದಿಲ್ಲ.

ಪುಸ್ತಕದ ಕಪಾಟು

ಎರಡು ಮಾತುಗಳನ್ನೂ ತಿದ್ದಬೇಕಾಗಿದೆ. ಇದನ್ನು ನಂಬಿ ತೊಂದರೆಗೆ ಸಿಲುಕಿದವರನ್ನು ನಾನು ನೋಡಿದ್ದೇನೆ.

`academia.edu` ಒಂದು ಖಾಸಗಿ ಕಂಪನಿ. ಆ ಹೆಸರನ್ನು ನೋಂದಾಯಿಸಿದ ಕಾಲದಲ್ಲಿ `.edu` ಪಡೆಯಲು ಈಗಿನಷ್ಟು ಕಟ್ಟುಪಾಡು ಇರಲಿಲ್ಲ; ಅದು ಹಾಗೆಯೇ ಉಳಿದುಕೊಂಡು ಬಂದಿದೆ. ಅಲ್ಲಿ ಖಾತೆ ಇಟ್ಟುಕೊಳ್ಳುವುದು ತಪ್ಪಲ್ಲ, ಆದರೆ ವಿಳಾಸದ ಕೊನೆಯ ಅಕ್ಷರಗಳನ್ನು ನೋಡಿ ಶಾಶ್ವತ ಎಂದುಕೊಳ್ಳಬಾರದು.

ಹಕ್ಕಿನ ವಿಷಯ. ನಿಯತಕಾಲಿಕಕ್ಕೆ ಪ್ರಬಂಧ ಒಪ್ಪಿತವಾದಾಗ ಒಂದು ನಮೂನೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಮುಕ್ತ ಪರವಾನಗಿಯಲ್ಲಿ ಪ್ರಕಟವಾಗದ ಪ್ರಬಂಧಗಳಲ್ಲಿ ಬಹಳಷ್ಟು ಸಲ ಹಕ್ಕುಸ್ವಾಮ್ಯವನ್ನು ಪ್ರಕಾಶಕರಿಗೆ ಬಿಟ್ಟುಕೊಡುವುದು ಆ ನಮೂನೆಯಲ್ಲೇ. ಬರೆದವರು ನೀವೇ ಆದರೂ ಪ್ರಕಾಶಕರ ಲಾಂಛನ, ಪುಟಸಂಖ್ಯೆ, ಅಚ್ಚಿನ ವಿನ್ಯಾಸ ಇರುವ ಆ ಪಿಡಿಎಫ್ ಹಂಚುವ ಹಕ್ಕು ನಿಮ್ಮದಾಗಿ ಉಳಿದಿರುವುದಿಲ್ಲ. 2013ರಲ್ಲಿ ಎಲ್ಸೆವಿಯರ್ ಸಂಸ್ಥೆಯು `academia.edu`ಗೆ ಇಂತಹ ಪಿಡಿಎಫ್‌ಗಳನ್ನು ತೆಗೆಯುವಂತೆ ನೋಟಿಸ್‌ಗಳನ್ನು ಕಳಿಸಿತ್ತು. ರಿಸರ್ಚ್‌ಗೇಟ್ ಮೇಲೆ 2017ರಲ್ಲಿ ಎಲ್ಸೆವಿಯರ್ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ ದಾವೆ ಹೂಡಿದವು. ಅದು ರಾಜಿಯಲ್ಲಿ ಮುಗಿದದ್ದು 2023ರಲ್ಲಿ.

ಹಾಗೆಂದು ಏನೂ ಹಾಕಬಾರದು ಎಂದಲ್ಲ. ಪ್ರತಿ ಪ್ರಬಂಧಕ್ಕೂ ಮೂರು ರೂಪಗಳಿರುತ್ತವೆ: ನೀವು ಮೊದಲು ಕಳಿಸಿದ ಕರಡು, ವಿಮರ್ಶಕರ ಸೂಚನೆಯಂತೆ ತಿದ್ದಿ ಒಪ್ಪಿತವಾದ ಹಸ್ತಪ್ರತಿ, ಕೊನೆಗೆ ಅಚ್ಚಾದ ರೂಪ. ಲೇಖಕರ ಸ್ವಂತ ಪುಟದಲ್ಲಿ ಮೊದಲ ಎರಡನ್ನು ಹಾಕಲು ಅನೇಕ ಪ್ರಕಾಶಕರು ಒಪ್ಪುತ್ತಾರೆ, ಕೆಲವರು ಇಷ್ಟು ತಿಂಗಳು ಕಳೆಯಲಿ ಎನ್ನುತ್ತಾರೆ. ಯಾವ ನಿಯತಕಾಲಿಕದ ನಿಯಮ ಏನು ಎಂಬುದನ್ನು ಶೆರ್ಪಾ ರೋಮಿಯೊ ಎಂಬ ಉಚಿತ ಪಟ್ಟಿಯಲ್ಲಿ ನೋಡಬಹುದಿತ್ತು. ಈಗ ಅದೇ ಸೇವೆ ಓಪನ್ ಪಾಲಿಸಿ ಫೈಂಡರ್ ಎಂಬ ಹೆಸರಿನಲ್ಲಿದೆ. ನಿಯತಕಾಲಿಕದ ಹೆಸರು ಕೊಟ್ಟರೆ ಯಾವ ರೂಪವನ್ನು ಎಲ್ಲಿ ಮತ್ತು ಯಾವಾಗ ಹಾಕಬಹುದು ಎಂದು ತೋರಿಸುತ್ತದೆ. ಒಪ್ಪಿತ ಹಸ್ತಪ್ರತಿಯನ್ನು ಹುಡುಕಿಕೊಳ್ಳುವುದೇ ನಿಜವಾದ ಕಷ್ಟ. ಅದು ಹಳೆಯ ಕಾಲೇಜಿನ ಇಮೇಲ್‌ನಲ್ಲೇ ಉಳಿದು ಹೋಗಿರುತ್ತದೆ. ಸಹಲೇಖಕರನ್ನು ಕೇಳಿ.

ದಾರಿಹೋಕ ಸಂಶೋಧಕ

`.edu` ವಿಷಯ ನನಗೆ ಗೊತ್ತಿರಲಿಲ್ಲ, ತಿದ್ದಿದ್ದಕ್ಕೆ ಧನ್ಯವಾದಗಳು. ಆದರೆ ನನ್ನ ಕ್ಷೇತ್ರದಲ್ಲಿ ಎಲ್ಲರೂ ಅಚ್ಚಾದ ಪಿಡಿಎಫ್‌ಗಳನ್ನೇ ಹಾಕಿದ್ದಾರೆ, ಯಾರನ್ನೂ ಯಾರೂ ಕೇಳಿಲ್ಲ.

ಪುಸ್ತಕದ ಕಪಾಟು

ಕೇಳದಿರುವುದು ಅನುಮತಿ ಅಲ್ಲ ಎಂಬುದಷ್ಟೇ ನನ್ನ ಮಾತು. ಹಾಕದಿದ್ದರೂ ದಾರಿ ಇದೆ. ಪುಟದಲ್ಲಿ "ಪ್ರತಿ ಬೇಕಾದವರು ಬರೆಯಿರಿ" ಎಂಬ ಒಂದು ಸಾಲು ಇದ್ದರೆ, ಕೇಳಿದವರೊಬ್ಬರಿಗೆ ನೇರವಾಗಿ ಕಳಿಸಿಕೊಡುವುದನ್ನು ಹೆಚ್ಚಿನ ಪ್ರಕಾಶಕರು ಒಪ್ಪುತ್ತಾರೆ.

ಇನಿಷಿಯಲ್ ಹಿಂದೆ ಮುಂದೆ

ನಾನು ಸಿವಿಲ್ ಎಂಜಿನಿಯರಿಂಗ್ ಕಲಿಸುವವನು. ಪ್ರಕಟಣೆಗಳ ಪಟ್ಟಿ ಎಂದಾಗ ನನ್ನದೊಂದು ಅನುಭವ ಹೇಳಲೇಬೇಕು. ನನ್ನ ಪುಟದಲ್ಲಿ ಪಟ್ಟಿಯನ್ನು ಕೈಯಿಂದ ಬರೆಯುವ ಬದಲು ಗೂಗಲ್ ಸ್ಕಾಲರ್ ಪ್ರೊಫೈಲ್‌ಗೆ ಒಂದು ಕೊಂಡಿ ಮಾತ್ರ ಕೊಟ್ಟಿದ್ದೆ. ಅದರಲ್ಲಿ ಹೊಸ ಲೇಖನಗಳನ್ನು ತಾನಾಗಿಯೇ ಸೇರಿಸಿಕೊಳ್ಳುವ ಆಯ್ಕೆ ಚಾಲೂ ಇತ್ತು. ಎರಡು ವರ್ಷ ನಾನು ಅದನ್ನು ತೆರೆದೇ ನೋಡಿರಲಿಲ್ಲ. ಒಂದು ದಿನ ಸಭೆಯೊಂದರಲ್ಲಿ ಪರಿಚಯಿಸುವವರು ನನ್ನನ್ನು ಮೂತ್ರಪಿಂಡದ ಕಾಯಿಲೆಗಳ ಮೇಲೂ ಕೆಲಸ ಮಾಡಿದವರು ಎಂದು ಓದಿದರು. ನನ್ನದೇ ಇನಿಷಿಯಲ್, ನನ್ನದೇ ಹೆಸರು ಇರುವ ವೈದ್ಯರೊಬ್ಬರ ಮೂವತ್ತಕ್ಕೂ ಹೆಚ್ಚು ಲೇಖನಗಳು ನನ್ನ ಪಟ್ಟಿಯಲ್ಲಿ ಕುಳಿತಿದ್ದವು. ಉಲ್ಲೇಖಗಳ ಎಣಿಕೆಯೂ ಅವರದ್ದೇ. ನಾನು ಬೇರೆಯವರ ಕೆಲಸವನ್ನು ನನ್ನದೆಂದು ತೋರಿಸಿಕೊಂಡಂತಾಯಿತಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಸರಿಪಡಿಸುವುದು ಸುಲಭ. ತಪ್ಪು ಲೇಖನಗಳನ್ನು ಗುರುತು ಮಾಡಿ ಅಳಿಸಬೇಕು, ಸೆಟ್ಟಿಂಗ್‌ನಲ್ಲಿ ತಾನಾಗಿ ಸೇರಿಸುವ ಬದಲು ಇಮೇಲ್ ಮೂಲಕ ಕೇಳಿ ಸೇರಿಸುವ ಆಯ್ಕೆಗೆ ಬದಲಾಯಿಸಬೇಕು. ಆದರೆ ಅದನ್ನು ನಾನಾಗಿಯೇ ಕಂಡುಕೊಳ್ಳಲಿಲ್ಲ ಎಂಬುದೇ ನೋವು.

ಪುಸ್ತಕದ ಕಪಾಟು

ನಮ್ಮಂತಹ ಹೆಸರುಗಳಿಗೆ ಈ ತೊಂದರೆ ಹೆಚ್ಚು. ಹೆಸರಿನ ಮುಂದೆ ಎರಡು ಇನಿಷಿಯಲ್, ಮನೆತನದ ಹೆಸರು ಇಲ್ಲ. ನಿಯತಕಾಲಿಕದ ನಮೂನೆ ಕೊನೆಯ ಹೆಸರು ಕೇಳುತ್ತದೆ. ಒಂದು ಸಲ ಇನಿಷಿಯಲ್ ಬಿಡಿಸಿ ಬರೆಯುತ್ತೇವೆ, ಇನ್ನೊಂದು ಸಲ ಸ್ವಂತ ಹೆಸರನ್ನೇ ಅಲ್ಲಿ ಹಾಕುತ್ತೇವೆ. ಹೀಗೆ ಒಬ್ಬರೇ ನಾಲ್ಕು ಜನರಾಗುತ್ತೇವೆ, ಅಥವಾ ನಾಲ್ವರು ಒಬ್ಬರಾಗುತ್ತಾರೆ.

ಇದಕ್ಕಾಗಿಯೇ 2012ರಿಂದ ಓರ್ಕಿಡ್ ಸಂಖ್ಯೆ ಇದೆ (ಸಸ್ಯಶಾಸ್ತ್ರದ ಮೇಡಂ ಕೇಳುತ್ತಿರುವುದರಿಂದ ಹೇಳುತ್ತೇನೆ, ಇದು ಹೂವಿನ ಹೆಸರಲ್ಲ, `ORCID`). ಸಂಶೋಧಕರಿಗೆ ಉಚಿತ. ಹದಿನಾರು ಸ್ಥಾನಗಳ ಸಂಖ್ಯೆ, ನಾಲ್ಕು ನಾಲ್ಕಾಗಿ ಅಡ್ಡಗೆರೆ ಹಾಕಿ ಬರೆಯುತ್ತಾರೆ. ಓರ್ಕಿಡ್‌ನವರೇ ಮಾದರಿಗಾಗಿ ಇಟ್ಟಿರುವ ಕಾಲ್ಪನಿಕ ವ್ಯಕ್ತಿಯದ್ದು `https://orcid.org/0000-0002-1825-0097`. ಕೊನೆಯ ಸ್ಥಾನ ತಾಳೆ ನೋಡುವುದಕ್ಕೆ ಇರುವುದು, ಕೆಲವರಿಗೆ ಅಲ್ಲಿ `X` ಬರುತ್ತದೆ. ಒಂದು ಅಂಕಿ ತಪ್ಪಾಗಿ ಬರೆದರೂ ಸಂಖ್ಯೆ ತಾಳೆಯಾಗುವುದಿಲ್ಲ, ಆದ್ದರಿಂದ ಅದು ಇನ್ನೊಬ್ಬರ ಪುಟಕ್ಕೆ ಹೋಗಿ ಸೇರುವ ಅಪಾಯ ಇಲ್ಲ.

ಮೇಡಂ, ನಿಮ್ಮ ಸಮಸ್ಯೆಗೆ ನಾನು ಕೊಡಬಲ್ಲ ಮುಖ್ಯ ಸಲಹೆ ಇದು. ಅಚ್ಚಿಗೆ ಹೋಗುವ ಕಡೆಯಲ್ಲೆಲ್ಲ ಓರ್ಕಿಡ್ ವಿಳಾಸವನ್ನೇ ಕೊಡಿ, ನಿಮ್ಮ ಪುಟದ ವಿಳಾಸವನ್ನು ಕೊಡಬೇಡಿ. ಪುಟದ ವಿಳಾಸ ಓರ್ಕಿಡ್ ಒಳಗೆ ಜಾಲತಾಣಗಳು ಎಂಬ ಜಾಗದಲ್ಲಿ ಇರಲಿ. ಮುಂದೆ ಕಾಲೇಜು ಬದಲಾಗಲಿ, ವೇದಿಕೆ ನಿಲ್ಲಲಿ, ನೀವು ಒಂದು ಕಡೆ ತಿದ್ದಿದರೆ ಹಳೆಯ ಪ್ರಬಂಧ ಓದಿದವರೂ ಹೊಸ ಪುಟಕ್ಕೆ ಬಂದು ತಲುಪುತ್ತಾರೆ. ಓರ್ಕಿಡ್ ಖಾತೆಗೆ ಕಾಲೇಜಿನ ಇಮೇಲ್ ಜೊತೆಗೆ ಸ್ವಂತ ಇಮೇಲ್ ಅನ್ನೂ ಸೇರಿಸಿಡಿ. ಇಲ್ಲವಾದರೆ ಪಾಸ್‌ವರ್ಡ್ ಮರೆತ ದಿನ, ಇಲ್ಲದ ಇಮೇಲ್‌ಗೆ ಪತ್ರ ಹೋಗುತ್ತದೆ.

ಎಲೆಯ ನರ

ಓರ್ಕಿಡ್ ಸಂಖ್ಯೆ ನನಗಿದೆ, ಒಂದು ನಿಯತಕಾಲಿಕ ಕೇಳಿದ್ದರಿಂದ ಮಾಡಿಸಿದ್ದೆ. ಈಗ ತೆರೆದು ನೋಡಿದರೆ ಅಲ್ಲಿ ಎರಡೇ ಪ್ರಬಂಧಗಳಿವೆ, ಇಮೇಲ್ ಹಳೆಯ ಕಾಲೇಜಿನದ್ದೇ. ಪಾಸ್‌ವರ್ಡ್ ನೆನಪಿದ್ದುದು ನನ್ನ ಪುಣ್ಯ. ಸ್ವಂತ ಇಮೇಲ್ ಈಗಲೇ ಸೇರಿಸಿದೆ.

ಇನ್ನೊಂದು ಸಂತೋಷದ ಸುದ್ದಿ. ವೇಬ್ಯಾಕ್‌ನಲ್ಲಿ ಮುಖಪುಟ ಸಿಗಲಿಲ್ಲ, ಆದರೆ ಪ್ರಕಟಣೆಗಳ ಪುಟದ ಮೂರು ವರ್ಷ ಹಳೆಯ ಪ್ರತಿ ಸಿಕ್ಕಿತು. ಅದನ್ನು ಓದಿ ನನಗೇ ನಾಚಿಕೆಯಾಯಿತು. 2021ರಲ್ಲಿ ಅಚ್ಚಾದ ಒಂದು ಪ್ರಬಂಧದ ಮುಂದೆ "ಪ್ರಕಟಣೆಯ ಹಾದಿಯಲ್ಲಿದೆ" ಎಂದೇ ಉಳಿದಿದೆ. ಸಹಲೇಖಕರಾದ ನನ್ನ ವಿದ್ಯಾರ್ಥಿನಿಯ ಹೆಸರನ್ನು ಒಂದು ಕಡೆ ಬಿಟ್ಟೇ ಬಿಟ್ಟಿದ್ದೇನೆ.

ಇನ್ನು ವೇದಿಕೆಯ ವಿಷಯ ಉಳಿಯಿತು.

ಕಡತ ಜೋಡಿಸುವವ

ವೇದಿಕೆಯ ಬಗ್ಗೆ ನಾನು ಹೇಳುತ್ತೇನೆ. ವಿಭಾಗದ ಹಲವರಿಗೆ ಮಾಡಿಕೊಟ್ಟ ಅನುಭವ ಇದೆ. ನಿಮ್ಮ ಮುಂದೆ ಇರುವ ಆಯ್ಕೆ ಮುಖ್ಯವಾಗಿ ಎರಡು.

ಒಂದು, ಮತ್ತೆ ಗೂಗಲ್ ಸೈಟ್ಸ್, ಆದರೆ ಈ ಸಲ ಸ್ವಂತ ಖಾತೆಯಿಂದ. ಎಳೆದು ಬಿಟ್ಟು ಜೋಡಿಸುವುದು ನಿಮಗೆ ಗೊತ್ತೇ ಇದೆ, ಒಂದು ಸಂಜೆಯಲ್ಲಿ ಮುಗಿಯುತ್ತದೆ. ವಿಳಾಸ `sites.google.com/view/` ಎಂದು ಆರಂಭವಾಗಿ ನೀವು ಕೊಟ್ಟ ಹೆಸರಿನಲ್ಲಿ ಕೊನೆಯಾಗುತ್ತದೆ. ಆ ಹೆಸರಿನಲ್ಲಿ ಕಾಲೇಜನ್ನು ಸೇರಿಸಬೇಡಿ, ವಿಷಯವನ್ನೂ ಸೇರಿಸಬೇಡಿ. ನಿಮ್ಮ ಹೆಸರು ಮಾತ್ರ ಇರಲಿ. ಕೊರತೆ ಏನೆಂದರೆ, ಅದರಲ್ಲಿ ಬರೆದದ್ದನ್ನು ಹಾಗೆಯೇ ಎತ್ತಿ ಇನ್ನೊಂದು ಕಡೆಗೆ ಒಯ್ಯುವುದು ಕಷ್ಟ.

ಎರಡು, ಗಿಟ್‌ಹಬ್ ಪೇಜಸ್. ಹೆಸರು ಕೇಳಿ ಹೆದರಬೇಡಿ. `username.github.io` ಎಂಬ ಹೆಸರಿನಲ್ಲೇ ಒಂದು ಸಂಗ್ರಹ ತೆರೆದು (`username` ಜಾಗದಲ್ಲಿ ನಿಮ್ಮ ಖಾತೆಯ ಹೆಸರು), `index.html` ಎಂಬ ಕಡತವನ್ನು ಬ್ರೌಸರ್‌ನಿಂದಲೇ ಅದರೊಳಗೆ ಸೇರಿಸಿದರೆ ಕೆಲವು ನಿಮಿಷಗಳಲ್ಲಿ ಅದೇ ವಿಳಾಸದಲ್ಲಿ ಪುಟ ಕಾಣಿಸುತ್ತದೆ. ಪುಟವೆಂದರೆ ನಿಮ್ಮ ಕಂಪ್ಯೂಟರ್‌ನಲ್ಲೂ ಪ್ರತಿ ಇರುವ ಕಡತಗಳು. ನಾಳೆ ಗಿಟ್‌ಹಬ್ ಬೇಡವೆಂದರೆ ಅವೇ ಕಡತಗಳನ್ನು ಇನ್ನೊಂದು ಕಡೆ ಇಟ್ಟರಾಯಿತು. ನಿಮಗಾದ ನಷ್ಟವನ್ನು ನೋಡಿದರೆ ನಾನು ಇದನ್ನೇ ಹೇಳುತ್ತೇನೆ. ಬಳಕೆದಾರ ಹೆಸರನ್ನು ಆಮೇಲೆ ಬದಲಾಯಿಸಿದರೆ ವಿಳಾಸವೂ ಬದಲಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಪಟ್ಟಿಯಲ್ಲಿ ಒಂದು ನಮೂದು ಇಷ್ಟೇ ಇರುತ್ತದೆ:

```html
<li id="p2021">
  ಲೇಖಕರು, ಶೀರ್ಷಿಕೆ, ನಿಯತಕಾಲಿಕ, 2021.
  <a href="https://doi.org/DOI">ಪ್ರಕಾಶಕರ ಪುಟ</a>
</li>
```

`DOI` ಎಂದಿರುವ ಕಡೆ `10.` ಎಂದು ಆರಂಭವಾಗುವ ಆ ಪ್ರಬಂಧದ ಸಂಖ್ಯೆಯನ್ನು ಹಾಕಬೇಕು. ಬ್ರೌಸರ್‌ನ ಪಟ್ಟಿಯಲ್ಲಿ ಕಾಣುವ ಪ್ರಕಾಶಕರ ವಿಳಾಸವನ್ನು ನಕಲು ಮಾಡಬೇಡಿ. ಪ್ರಕಾಶಕರು ತಮ್ಮ ತಾಣವನ್ನು ಬದಲಾಯಿಸಿದರೂ `doi.org` ಮೂಲಕ ಹೋದ ಕೊಂಡಿ ಸರಿಯಾದ ಕಡೆಗೆ ಕರೆದೊಯ್ಯುತ್ತದೆ.

ದಾರಿಹೋಕ ಸಂಶೋಧಕ

ಗಿಟ್‌ಹಬ್ ಆದರೆ ಇನ್ನೊಂದು ಲಾಭ ಇದೆ. `citation_title` ಮುಂತಾದ ಮೆಟಾ ಟ್ಯಾಗ್‌ಗಳನ್ನು ಪಟ್ಟಿಯ ಪುಟದಲ್ಲಿ ಹದಿನಾಲ್ಕಕ್ಕೂ ಸೇರಿಸಿಬಿಟ್ಟರೆ ಗೂಗಲ್ ಸ್ಕಾಲರ್ ಎಲ್ಲವನ್ನೂ ಎತ್ತಿಕೊಳ್ಳುತ್ತದೆ.

ಕಡತ ಜೋಡಿಸುವವ

ಟ್ಯಾಗ್‌ಗಳ ವಿಷಯ ಸರಿ, ಜಾಗ ಸರಿಯಲ್ಲ. ಸ್ಕಾಲರ್ ಒಂದು ವಿಳಾಸಕ್ಕೆ ಒಂದೇ ಪ್ರಬಂಧ ಇರಬೇಕೆಂದು ಬಯಸುತ್ತದೆ. ಹದಿನಾಲ್ಕು ಶೀರ್ಷಿಕೆಗಳನ್ನು ಒಂದೇ ಪುಟದ ತಲೆಯಲ್ಲಿ ತುಂಬಿದರೆ ಯಾವುದು ಯಾರದ್ದೆಂದು ಅದಕ್ಕೆ ತಿಳಿಯುವುದಿಲ್ಲ. ಪಿಡಿಎಫ್ ಹಾಕಲು ಅನುಮತಿ ಇರುವ ಪ್ರಬಂಧಕ್ಕೆ ಮಾತ್ರ ಸಾರಾಂಶ ಇರುವ ಒಂದು ಪ್ರತ್ಯೇಕ ಪುಟ ಮಾಡಿ, ಅದರ `head` ಒಳಗೆ ಹೀಗೆ ಬರೆಯಿರಿ:

```html
<meta name="citation_title" content="ಶೀರ್ಷಿಕೆ">
<meta name="citation_author" content="ಮೊದಲ ಲೇಖಕರು">
<meta name="citation_author" content="ಎರಡನೆಯ ಲೇಖಕರು">
<meta name="citation_publication_date" content="2021">
<meta name="citation_pdf_url"
  content="https://username.github.io/papers/p2021.pdf">
```

ಸಾರಾಂಶದ ಪುಟವೂ ಪಿಡಿಎಫ್ ಇರುವ `papers` ಫೋಲ್ಡರಿನಲ್ಲೇ ಇರಬೇಕು. ಪಿಡಿಎಫ್ 5 ಎಂಬಿಗಿಂತ ಚಿಕ್ಕದಿರಲಿ. ಒಳಗಿನ ಅಕ್ಷರಗಳನ್ನು ಮೌಸ್‌ನಿಂದ ಎಳೆದು ಆರಿಸಲು ಬರಬೇಕು. ಸ್ಕ್ಯಾನ್ ಮಾಡಿದ ಚಿತ್ರವಾದರೆ ಸ್ಕಾಲರ್‌ಗೆ ಅದು ಖಾಲಿ ಹಾಳೆ. ಇಷ್ಟೆಲ್ಲ ಮಾಡಿದರೂ ಕಾಣಿಸಿಕೊಳ್ಳಲು ವಾರಗಳು ಹಿಡಿಯುತ್ತವೆ, ಕೆಲವೊಮ್ಮೆ ಕಾಣಿಸದೆಯೂ ಹೋಗುತ್ತದೆ. ಪ್ರಕಾಶಕರ ಪುಟ ಈಗಾಗಲೇ ಸ್ಕಾಲರ್‌ನಲ್ಲಿರುವ ಪ್ರಬಂಧಗಳಿಗೆ ಈ ಶ್ರಮ ಅಷ್ಟೇನೂ ಅಗತ್ಯವಿಲ್ಲ.

ನುಡಿಯ ಅಧ್ಯಾಪಕ

ನಾನು ಕನ್ನಡ ಕಲಿಸುವವನು. ಅಕ್ಷರ ಆರಿಸಲು ಬಂದರೂ ಸಾಲದು ಎಂಬುದು ನನ್ನ ಅನುಭವ. ನನ್ನ ಹಳೆಯ ಲೇಖನಗಳೆಲ್ಲ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪಾಗಿ ಪಿಡಿಎಫ್ ಆದವು. ಪರದೆಯ ಮೇಲೆ ಸ್ಪಷ್ಟವಾದ ಕನ್ನಡ. ಆದರೆ ಒಂದು ಸಾಲನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ರಾಶಿ ಬೀಳುತ್ತದೆ. ಹುಡುಕುವ ಯಂತ್ರ ಓದುವುದು ಆ ರಾಶಿಯನ್ನೇ. ನಮ್ಮ ವಿಭಾಗದ ಎಷ್ಟೋ ಒಳ್ಳೆಯ ಲೇಖನಗಳು ಹೀಗೆ ಇದ್ದೂ ಇಲ್ಲದಂತಾಗಿವೆ. ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಸಾಲು ಸಾಲಾಗಿ ತಾಳೆ ನೋಡಿ, ಪಿಡಿಎಫ್ ಮತ್ತೆ ಮಾಡಬೇಕಾಯಿತು. ಆರು ಲೇಖನ ಮುಗಿದಿದೆ, ಇನ್ನೂ ಹತ್ತೊಂಬತ್ತು ಉಳಿದಿದೆ. ಅಷ್ಟರಲ್ಲಿ ಉಳಿದವುಗಳ ಶೀರ್ಷಿಕೆ ಮತ್ತು ನಾಲ್ಕು ಸಾಲಿನ ಸಾರಾಂಶವನ್ನಾದರೂ ಯೂನಿಕೋಡ್‌ನಲ್ಲಿ ಪುಟದ ಮೇಲೆ ಬರೆದಿದ್ದೇನೆ.

ನನ್ನದೊಂದು ಪ್ರಶ್ನೆಯೂ ಇದೆ. ಕನ್ನಡ ಲೇಖನದ ಶೀರ್ಷಿಕೆಯನ್ನು ಪಟ್ಟಿಯಲ್ಲಿ ಕನ್ನಡದಲ್ಲೇ ಕೊಡಬೇಕೋ, ಇಂಗ್ಲಿಷ್ ಅನುವಾದವನ್ನೂ ಕೊಡಬೇಕೋ?

ಪುಸ್ತಕದ ಕಪಾಟು

ಮೂಲ ಶೀರ್ಷಿಕೆ ಕನ್ನಡದಲ್ಲೇ ಮೊದಲು ಇರಬೇಕು, ಲೇಖನ ಆ ಹೆಸರಿನಲ್ಲಿ ಇದೆಯಷ್ಟೆ. ಅನುವಾದವನ್ನು ಅದರ ಕೆಳಗೆ ಕೊಟ್ಟರೆ ಹೊರಗಿನ ಓದುಗರಿಗೆ ಅನುಕೂಲ. ಓರ್ಕಿಡ್‌ನಲ್ಲಿ ಅನುವಾದಿತ ಶೀರ್ಷಿಕೆಗೆ ಬೇರೆ ಜಾಗವೇ ಇದೆ. ಆದರೆ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಪ್ರತಿ ಸಲವೂ ಒಂದೇ ಬಗೆಯ ಕಾಗುಣಿತ ಇಟ್ಟುಕೊಳ್ಳಿ.

ಮೂರನೇ ಸೆಮಿಸ್ಟರ್

ನಾನು ವಿದ್ಯಾರ್ಥಿನಿ. ಪ್ರಕಟಣೆಗಳ ಬಗ್ಗೆ ಎಲ್ಲರೂ ಹೇಳುತ್ತಿದ್ದೀರಿ, ಕೋರ್ಸ್‌ಗಳ ಭಾಗದ ಬಗ್ಗೆ ಯಾರೂ ಹೇಳಲಿಲ್ಲ, ಆದ್ದರಿಂದ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ನಾವು ಉಪನ್ಯಾಸಕರ ಪುಟ ತೆರೆಯುವುದು ಪರೀಕ್ಷೆಯ ಹಿಂದಿನ ವಾರದಲ್ಲಿ. ಆಗ ಪಠ್ಯಕ್ರಮದ ಕೊಂಡಿ ಒತ್ತಿದರೆ "ಪ್ರವೇಶಕ್ಕೆ ಅನುಮತಿ ಕೋರಿ" ಎಂದು ಬರುತ್ತದೆ. ಕೋರಿದರೆ ಮೇಡಂಗೆ ರಾತ್ರಿ ಇಮೇಲ್ ಹೋಗುತ್ತದೆ, ಅವರು ನೋಡುವುದು ಮರುದಿನ. ಇನ್ನೊಂದು, ಕೋರ್ಸ್ ಹೆಸರಿನ ಮುಂದೆ ವರ್ಷ ಇರುವುದಿಲ್ಲ. ಪಠ್ಯಕ್ರಮ ಬದಲಾದ ಮೇಲೂ ಹಳೆಯದೇ ಇರುತ್ತದೆ. ಅದನ್ನು ನಂಬಿ ನಾನು ಒಂದು ಘಟಕವನ್ನೇ ಓದಿರಲಿಲ್ಲ.

ಎಲೆಯ ನರ

ಮಗೂ, ನೀನು ಬರೆದದ್ದು ಒಳ್ಳೆಯದಾಯಿತು. ಬ್ರೌಸರ್‌ನ ಅಜ್ಞಾತ ಕಿಟಕಿಯಲ್ಲಿ, ಯಾವ ಖಾತೆಗೂ ಲಾಗಿನ್ ಆಗದೆ, ನನ್ನ ಈಗಿನ ಕೊಂಡಿಗಳನ್ನು ಒತ್ತಿ ನೋಡಿದೆ. ಏಳರಲ್ಲಿ ನಾಲ್ಕು ಅನುಮತಿ ಕೇಳಿದವು. ನನಗೆ ಎಂದೂ ಕೇಳಿರಲಿಲ್ಲ, ಏಕೆಂದರೆ ಆ ಕಡತಗಳ ಒಡತಿ ನಾನೇ. ಕೋರ್ಸ್‌ನ ಹೆಸರಿನ ಜೊತೆಗೆ ಯಾವ ಸಾಲಿನ ಪಠ್ಯಕ್ರಮ ಎಂಬುದನ್ನೂ ಕೊನೆಯ ಬಾರಿ ತಿದ್ದಿದ ದಿನಾಂಕವನ್ನೂ ಹಾಕುತ್ತೇನೆ.

ಗಣಿತದ ಮೇಷ್ಟ್ರು

ಮೇಡಂ, ಮೊದಲು ನಿಮ್ಮ ಪ್ರಶ್ನೆಯನ್ನು ನಾನು ತಪ್ಪಾಗಿ ತಿಳಿದೆ, ಕ್ಷಮಿಸಿ. ಸಂಪರ್ಕದ ವಿಷಯದಲ್ಲಿ ನನ್ನ ಅನುಭವ ಉಪಯೋಗವಾಗಬಹುದು. ನಾನು ಡ್ರೈವ್‌ನಲ್ಲಿಟ್ಟ ಆ ರೆಸ್ಯೂಮೆಯಲ್ಲಿ ಮೊಬೈಲ್ ಸಂಖ್ಯೆ, ಮನೆ ವಿಳಾಸ, ಜನ್ಮದಿನಾಂಕ, ಕೊನೆಯಲ್ಲಿ ಸ್ಕ್ಯಾನ್ ಮಾಡಿದ ಸಹಿ ಎಲ್ಲ ಇತ್ತು. ಕೊಂಡಿ ಯಾರಾದರೂ ತೆರೆಯುವಂತೆ ಇತ್ತು. ಒಂದು ದಿನ ನನ್ನ ಸಹಿ ಇರುವ ಶಿಫಾರಸು ಪತ್ರವೊಂದನ್ನು ಹಿಡಿದು ಯಾರೋ ನನ್ನನ್ನು ಖಚಿತಪಡಿಸಲು ಕೇಳಿದರು. ನಾನು ಅಂತಹ ಪತ್ರ ಕೊಟ್ಟೇ ಇರಲಿಲ್ಲ. ಈಗ ನನ್ನ ಪುಟದಲ್ಲಿ ಕಚೇರಿಯ ಇಮೇಲ್ ಮತ್ತು ಭೇಟಿಯ ಸಮಯ ಮಾತ್ರ ಇದೆ. ಇಮೇಲನ್ನೂ ಚಿತ್ರವಾಗಿ ಮಾಡಿ ಹಾಕಿದ್ದೇನೆ, ಕಸದ ಪತ್ರ ಕಳಿಸುವವರ ಯಂತ್ರಗಳು ಎತ್ತಿಕೊಳ್ಳಬಾರದೆಂದು.

ಕಿವಿಯಿಂದ ಓದುವವ

ಸರ್, ನಾನು ದೃಷ್ಟಿ ಇಲ್ಲದ ಸಂಶೋಧನಾ ವಿದ್ಯಾರ್ಥಿ. ಪರದೆಯನ್ನು ಓದಿ ಹೇಳುವ ತಂತ್ರಾಂಶದ ಮೂಲಕ ಕೇಳುತ್ತೇನೆ. ನಿಮ್ಮ ಪುಟದಲ್ಲಿ ನನಗೆ ಕೇಳಿಸುವುದು "ಸಂಪರ್ಕ, ಚಿತ್ರ" ಎಂಬ ಎರಡು ಪದಗಳು. ಇಮೇಲ್ ಸಿಗುವುದಿಲ್ಲ, ಇನ್ನೊಬ್ಬರನ್ನು ಕರೆದು ಓದಿಸಬೇಕು. ಇಂತಹ ಪುಟಗಳನ್ನು ನಾನು ಬಿಟ್ಟು ಮುಂದೆ ಹೋಗಿದ್ದೇನೆ, ಬಹುಶಃ ನನಗೆ ಮಾರ್ಗದರ್ಶನ ಮಾಡಬಹುದಾಗಿದ್ದವರನ್ನೂ ಬಿಟ್ಟಿದ್ದೇನೆ. ದಯವಿಟ್ಟು ಅಕ್ಷರದಲ್ಲಿ ಬರೆಯಿರಿ.

ಗಣಿತದ ಮೇಷ್ಟ್ರು

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಇವತ್ತೇ ಬದಲಾಯಿಸುತ್ತೇನೆ. ಆದರೆ ಕಸದ ಪತ್ರಗಳಿಗೆ ಏನು ಮಾಡಬೇಕೋ ತಿಳಿಯದು.

ಕಡತ ಜೋಡಿಸುವವ

ಕೆಲವರು ಚಿಹ್ನೆಯ ಬದಲು "ಅಟ್" ಎಂದು ಅಕ್ಷರದಲ್ಲಿ ಬರೆಯುತ್ತಾರೆ. ಅದನ್ನು ಗುರುತಿಸುವುದು ಯಂತ್ರಗಳಿಗೆ ದೊಡ್ಡ ಕೆಲಸವೇನಲ್ಲ. ಸಂಪರ್ಕಕ್ಕೆ ಒಂದು ಫಾರಂ ಇಡುವವರೂ ಇದ್ದಾರೆ, ಆದರೆ ಬರೆದವರ ಬಳಿ ತಾವು ಬರೆದದ್ದರ ಪ್ರತಿ ಉಳಿಯುವುದಿಲ್ಲ. ನಾನಂತೂ ನೇರವಾಗಿ ಬರೆದು, ಕಸವನ್ನು ಶೋಧಿಸುವ ಕೆಲಸವನ್ನು ಇಮೇಲ್ ಸೇವೆಗೇ ಬಿಟ್ಟಿದ್ದೇನೆ.

ಇನಿಷಿಯಲ್ ಹಿಂದೆ ಮುಂದೆ

ನಾನು ಅದನ್ನು ಒಪ್ಪಲಾರೆ. ನನ್ನ ವಿಳಾಸವನ್ನು ನೇರವಾಗಿ ಬರೆದ ಮೇಲೆ ದಿನವೂ ನಕಲಿ ನಿಯತಕಾಲಿಕಗಳ ಆಹ್ವಾನಗಳನ್ನು ಅಳಿಸುವುದೇ ಒಂದು ಕೆಲಸವಾಗಿದೆ. ಫಾರಂ ಇಟ್ಟರೆ ಎಲ್ಲರಿಗೂ ಕೇಳಿಸುತ್ತದೆ, ಕಸವೂ ಕಡಿಮೆ.

ಎಲೆಯ ನರ

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಗಿಟ್‌ಹಬ್‌ನಲ್ಲಿ ಪುಟ ಆಯಿತು, ಸ್ವಂತ ಇಮೇಲ್‌ನಿಂದ. ವೇಬ್ಯಾಕ್‌ನ ಪ್ರತಿ ಮತ್ತು ಓರ್ಕಿಡ್ ಎರಡನ್ನೂ ಇಟ್ಟುಕೊಂಡು ಹದಿನಾಲ್ಕು ಪ್ರಕಟಣೆಗಳನ್ನು ಮತ್ತೆ ಬರೆದೆ. ಒಂಬತ್ತಕ್ಕೆ ಡಿಒಐ ಇತ್ತು. ಆ ಸಂಖ್ಯೆ ಕೊಟ್ಟ ಕೂಡಲೇ ಓರ್ಕಿಡ್‌ನಲ್ಲಿ ಲೇಖಕರು, ವರ್ಷ ಎಲ್ಲ ತಾವಾಗಿ ಬಂದವು. ಉಳಿದ ಐದನ್ನು ಕೈಯಿಂದ ತುಂಬಿದೆ. ಬಿಟ್ಟುಹೋಗಿದ್ದ ವಿದ್ಯಾರ್ಥಿನಿಯ ಹೆಸರನ್ನು ಸೇರಿಸಿ ಅವಳಿಗೆ ಪತ್ರ ಬರೆದೆ. ಒಪ್ಪಿತ ಹಸ್ತಪ್ರತಿಗಳು ಸಹಲೇಖಕರ ಬಳಿ ನಾಲ್ಕು ಸಿಕ್ಕಿದವು. ಮೂರಕ್ಕೆ ನಿಯಮದಲ್ಲಿ ಅನುಮತಿ ಇದೆ, ಒಂದಕ್ಕೆ ಇಲ್ಲ. ಪುಟ ಪೂರ್ತಿಯಾದ ದಿನವೇ ವೇಬ್ಯಾಕ್‌ನಲ್ಲಿ ಅದರ ಪ್ರತಿಯನ್ನು ನಾನೇ ಉಳಿಸಿಟ್ಟೆ.

ಸ್ಕಾಲರ್ ಪ್ರೊಫೈಲ್‌ನಲ್ಲಿ ಹಳೆಯ ಕಾಲೇಜಿನ ಇಮೇಲ್ ಇನ್ನೂ ಕಾಣುತ್ತಿತ್ತು. ಹೊಸ ಕಾಲೇಜಿನದ್ದನ್ನು ಕೊಟ್ಟು ದೃಢೀಕರಿಸಿದೆ. ಅದೃಷ್ಟಕ್ಕೆ ಆ ಪ್ರೊಫೈಲನ್ನು ಸ್ವಂತ ಗೂಗಲ್ ಖಾತೆಯಿಂದಲೇ ತೆರೆದಿದ್ದೆ.

ಹಳೆಯ ಕಾಲೇಜಿನಿಂದ ಇನ್ನೂ ಉತ್ತರ ಬಂದಿಲ್ಲ. ಅಡಿಟಿಪ್ಪಣಿಯಲ್ಲಿ ಹಳೆಯ ವಿಳಾಸ ಇರುವ ಆ ಎರಡು ಪ್ರಬಂಧಗಳ ವಿಷಯವಾಗಿ ಸಂಪಾದಕರಿಗೆ ಬರೆದಿದ್ದೇನೆ. ಒಬ್ಬರು ಜಾಲದ ಆವೃತ್ತಿಯಲ್ಲಿ ಓರ್ಕಿಡ್ ಕೊಂಡಿ ಸೇರಿಸಬಹುದೇ ಎಂದು ವಿಚಾರಿಸಿ ತಿಳಿಸುತ್ತೇನೆಂದರು, ಇನ್ನೊಬ್ಬರು ಪ್ರಕಟವಾದ ಮೇಲೆ ವಿಳಾಸ ತಿದ್ದುವ ಪದ್ಧತಿ ತಮ್ಮಲ್ಲಿಲ್ಲ ಎಂದರು. ಇಮೇಲನ್ನು ಸದ್ಯಕ್ಕೆ ಅಕ್ಷರದಲ್ಲೇ ಬರೆದಿದ್ದೇನೆ. ಕಿವಿಯಿಂದ ಓದುವ ಸ್ನೇಹಿತರು ಒಮ್ಮೆ ಪುಟವನ್ನು ಕೇಳಿ ನೋಡಿ ಎಲ್ಲಿ ತೊಡಕಾಗುತ್ತದೆ ಎಂದು ತಿಳಿಸುವಿರಾ?

ಕಿವಿಯಿಂದ ಓದುವವ

ಕೇಳಿದೆ ಮೇಡಂ. ಇಮೇಲ್, ಭೇಟಿಯ ಸಮಯ, ಕೋರ್ಸ್‌ಗಳು ಸ್ಪಷ್ಟವಾಗಿವೆ. ಪ್ರಕಟಣೆಗಳ ಪಟ್ಟಿಯಲ್ಲಿ ಮಾತ್ರ ಕೊಂಡಿಗಳಿಂದ ಕೊಂಡಿಗಳಿಗೆ ಹಾರುತ್ತಾ ಹೋದರೆ "ಪ್ರಕಾಶಕರ ಪುಟ, ಪ್ರಕಾಶಕರ ಪುಟ" ಎಂದು ಒಂಬತ್ತು ಸಲ ಕೇಳಿಸುತ್ತದೆ, ಯಾವ ಪ್ರಬಂಧದ್ದೆಂದು ತಿಳಿಯುವುದಿಲ್ಲ. ಶೀರ್ಷಿಕೆಯನ್ನೇ ಕೊಂಡಿಯಾಗಿ ಮಾಡಿದರೆ ಸರಿಹೋಗುತ್ತದೆ.

ಕಡತ ಜೋಡಿಸುವವ

ಆ ತಪ್ಪು ನಾನು ಕೊಟ್ಟ ಮಾದರಿಯದ್ದು. `<a>` ಒಳಗೆ ಶೀರ್ಷಿಕೆಯನ್ನೇ ಇಡಿ ಮೇಡಂ, ನನ್ನ ವಿಭಾಗದವರ ಪುಟಗಳನ್ನೂ ನಾನು ಈ ವಾರ ತಿದ್ದುತ್ತೇನೆ.